NaBH4 ಕೀಟೋನ್‌ನಲ್ಲೇ ನಿಲ್ಲುತ್ತದೆ, LiAlH4 ಎಸ್ಟರನ್ನೂ ಬಿಡುವುದಿಲ್ಲ, ಯಾಕೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಿಜಯಪುರದಲ್ಲಿ ಬಿಎಸ್ಸಿ, ಎಂಎಸ್ಸಿ ಹುಡುಗರಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿ ಹೇಳಿಕೊಡುತ್ತೇನೆ. ಕ್ಲಾಸ್ ಮುಗಿದ ಮೇಲೆ ಇಂಡಿ, ಸಿಂದಗಿ ಕಡೆಯ ಹುಡುಗರು ಬಾಗಿಲಲ್ಲಿ ನಿಲ್ಲಿಸಿ ಕೇಳುವುದು, ಬಾಗಲಕೋಟೆ, ಬೆಳಗಾವಿಯಿಂದ ಬರೆದು ಕೇಳುವುದು, ಎಲ್ಲ ಸೇರಿಸಿ ಇಲ್ಲಿ ಹಾಕಿದ್ದೇನೆ. ಎಲ್ಲವೂ ಎರಡು ರಿಡ್ಯೂಸಿಂಗ್ ರೀಏಜೆಂಟ್‌ಗಳ ಬಗ್ಗೆ: ಸೋಡಿಯಂ ಬೋರೋಹೈಡ್ರೈಡ್ ಅಂದರೆ NaBH4, ಲೀಥಿಯಂ ಅಲ್ಯುಮಿನಿಯಂ ಹೈಡ್ರೈಡ್ ಅಂದರೆ LiAlH4. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಉದಾಹರಣೆಗೆ ಉದ್ದಕ್ಕೂ ಒಂದೇ ಅಣು ಹಿಡಿದುಕೊಳ್ಳುತ್ತೇನೆ: ಈಥೈಲ್ 4-ಅಸಿಟೈಲ್‌ಬೆಂಜೋಯೇಟ್. ಬೆಂಜೀನ್ ಉಂಗುರದ ಒಂದು ತುದಿಗೆ ಕೀಟೋನ್, ಎದುರು ತುದಿಗೆ ಎಸ್ಟರ್. ಎರಡು ಕಾರ್ಬೊನಿಲ್ ಒಂದೇ ಅಣುವಿನಲ್ಲಿ ಇರುವುದರಿಂದ ಯಾವ ರೀಏಜೆಂಟ್ ಯಾವುದನ್ನು ಮುಟ್ಟಿತು ಅಂತ ನೇರವಾಗಿ ಗೊತ್ತಾಗುತ್ತದೆ.

## ಮೊದಲ ಪಾಠದವರಿಗೆ

ಸರ್, ಎರಡರಲ್ಲೂ ನಾಕು ಹೈಡ್ರೋಜನ್ ಐತಿ, ಆಕಾರಾನೂ ಒಂದೇ. ಮತ್ತ ಕೆಲಸ ಯಾಕ್ರೀ ಬ್ಯಾರೆ?

ನಡುವೆ ಕೂತ ಪರಮಾಣು ಬೇರೆ, ಅದಕ್ಕೆ. ಎಲೆಕ್ಟ್ರಾನನ್ನು ತನ್ನ ಕಡೆ ಎಳೆಯುವ ಶಕ್ತಿ, ಅಂದರೆ ಎಲೆಕ್ಟ್ರೋನೆಗೆಟಿವಿಟಿ, ಹೈಡ್ರೋಜನ್‌ಗೆ 2.20, ಬೋರಾನ್‌ಗೆ 2.04, ಅಲ್ಯುಮಿನಿಯಂಗೆ 1.61. ಬೋರಾನ್ ಮತ್ತು ಹೈಡ್ರೋಜನ್ ಹೆಚ್ಚುಕಡಿಮೆ ಸಮ. ಹಾಗಾಗಿ B–H ಬಂಧದ ಎಲೆಕ್ಟ್ರಾನ್ ಜೋಡಿಯನ್ನು ಇಬ್ಬರೂ ಹಂಚಿಕೊಂಡೇ ಇರುತ್ತಾರೆ. ಅಲ್ಯುಮಿನಿಯಂ ಹಾಗಲ್ಲ, ಅದರ ಎಳೆತ ಕಡಿಮೆ, ಎಲೆಕ್ಟ್ರಾನ್ ಜೋಡಿ ಜಾಸ್ತಿ ಹೈಡ್ರೋಜನ್ ಕಡೆಗೇ ವಾಲಿರುತ್ತದೆ. ಮೇಲಾಗಿ ಅಲ್ಯುಮಿನಿಯಂ ದೊಡ್ಡ ಪರಮಾಣು, Al–H ಬಂಧ ಉದ್ದ, ಬಿಗಿ ಕಡಿಮೆ. ಹೀಗಾಗಿ ಅಲ್ಲಿನ ಹೈಡ್ರೋಜನ್ H⁻, ಅಂದರೆ ಹೈಡ್ರೈಡ್ ಆಗಿ ಎದ್ದು ಹೋಗಲು ತಯಾರಾಗಿಯೇ ಇರುತ್ತದೆ.

ಇದು ಅರ್ಧ ಉತ್ತರ. ಇನ್ನರ್ಧ Na⁺ ಮತ್ತು Li⁺ ಹತ್ತಿರ ಇದೆ. ಬಹಳ ಪುಸ್ತಕಗಳು ಅದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ, ನನಗೆ ಅದು ಸರಿ ಅನಿಸುವುದಿಲ್ಲ. ಆ ಪ್ರಶ್ನೆ ಕೆಳಗೆ ಬರುತ್ತದೆ.

ಎಸ್ಟರ್‌ನಾಗೂ C=O ಐತಲ್ಲ, NaBH4 ಅದನ್ನ ಯಾಕ ಮುಟ್ಟೂದಿಲ್ಲ?

C=O ಇದೆ ನಿಜ, ಆದರೆ ಅದರ ಪಕ್ಕದಲ್ಲಿ ಇನ್ನೊಂದು ಆಕ್ಸಿಜನ್ ಕೂತಿದೆ. ಆ ಆಕ್ಸಿಜನ್ ತನ್ನ ಒಂಟಿ ಜೋಡಿ ಎಲೆಕ್ಟ್ರಾನನ್ನು ಕಾರ್ಬೊನಿಲ್ ಕಾರ್ಬನ್ ಕಡೆಗೆ ಕೊಡುತ್ತಾ ಇರುತ್ತದೆ. ಇದರಿಂದ ಎಸ್ಟರ್ ಸ್ಥಿರವಾಗುತ್ತದೆ. ಹೈಡ್ರೈಡ್ ಬಂದು ಕೂತರೆ ಆ ಕಾರ್ಬನ್ ನಾಲ್ಕು ಬಂಧದ್ದಾಗುತ್ತದೆ, ಅಷ್ಟು ಹೊತ್ತಿಗೆ ಈ ಕೊಡುಕೊಳ್ಳುವಿಕೆ ನಿಂತುಹೋಗುತ್ತದೆ. ಅಂದರೆ ಎಸ್ಟರ್ ತನ್ನ ಸ್ಥಿರತೆಯನ್ನು ಕಳೆದುಕೊಂಡೇ ಹೈಡ್ರೈಡನ್ನು ಒಳಗೆ ಬಿಡಬೇಕು. ಕೀಟೋನ್‌ಗೆ ಕಳೆದುಕೊಳ್ಳಲು ಅಷ್ಟೊಂದು ಇಲ್ಲ. ಆಲ್ಡಿಹೈಡ್‌ಗೆ ಇನ್ನೂ ಕಡಿಮೆ, ಅಲ್ಲಿ ಜಾಗವೂ ಜಾಸ್ತಿ.

ಎಸ್ಟರ್ ಏರಬೇಕಾದ ಆ ಎತ್ತರಕ್ಕೆ NaBH4 ಸಾಮಾನ್ಯ ತಾಪಮಾನದಲ್ಲಿ ಬೇಗ ಮುಟ್ಟುವುದಿಲ್ಲ, LiAlH4 ಮುಟ್ಟುತ್ತದೆ. ಅಮೈಡ್‌ನಲ್ಲಿ ನೈಟ್ರೋಜನ್ ಇನ್ನೂ ಧಾರಾಳವಾಗಿ ಎಲೆಕ್ಟ್ರಾನ್ ಕೊಡುತ್ತದೆ, ಅದು ಇನ್ನೂ ಕಷ್ಟ. ಆಸಿಡ್ ಕ್ಲೋರೈಡ್‌ನಲ್ಲಿ ಕ್ಲೋರಿನ್ ಕೊಡುವುದಕ್ಕಿಂತ ಎಳೆಯುವುದೇ ಜಾಸ್ತಿ, ಹಾಗಾಗಿ ಅದನ್ನು NaBH4 ಕೂಡ ರಿಡ್ಯೂಸ್ ಮಾಡಿಬಿಡುತ್ತದೆ.

ಪರೀಕ್ಷೆಗೆ ಒಂದೇ ಸಾಲಿನಾಗ ಹೇಳ್ರಿ ಸರ್.

NaBH4: ಆಲ್ಡಿಹೈಡ್, ಕೀಟೋನ್, ಆಸಿಡ್ ಕ್ಲೋರೈಡ್. LiAlH4: ಇವು ಮೂರೂ, ಜೊತೆಗೆ ಎಸ್ಟರ್, ಕಾರ್ಬಾಕ್ಸಿಲಿಕ್ ಆಸಿಡ್, ಅಮೈಡ್. ಅಮೈಡ್‌ನಿಂದ ಆಲ್ಕೋಹಾಲ್ ಅಲ್ಲ, ಅಮೀನ್ ಬರುತ್ತದೆ. ಇಷ್ಟು ಬರೆದರೆ ಮಾರ್ಕ್ಸ್ ಸಿಗುತ್ತದೆ.

ಎಸ್ಟರ್ ರಿಡ್ಯೂಸ್ ಆದ್ರ ಮೊದಲ ಆಲ್ಡಿಹೈಡ್ ಆಗಬೇಕಲ್ಲ? ಅಲ್ಲೇ ನಿಲ್ಲಿಸಾಕ ಬರೂದಿಲ್ಲೇನು?

ಸರಿಯಾಗಿ ಯೋಚಿಸಿದ್ದೀರಿ. ಮೊದಲ ಹೈಡ್ರೈಡ್ ಸೇರಿದ ಮೇಲೆ ಎಸ್ಟರ್ ತನ್ನ ಈಥಾಕ್ಸಿ ಭಾಗವನ್ನು ಬಿಟ್ಟುಕೊಟ್ಟು ಆಲ್ಡಿಹೈಡ್ ಆಗುತ್ತದೆ. ಆದರೆ ಈಗಷ್ಟೇ ಹುಟ್ಟಿದ ಆ ಆಲ್ಡಿಹೈಡ್, ಅದನ್ನು ಹುಟ್ಟಿಸಿದ ಎಸ್ಟರ್‌ಗಿಂತ ಎಷ್ಟೋ ಚುರುಕು. ಪಾತ್ರೆಯಲ್ಲಿ LiAlH4 ಇರುವಾಗ ಅದು ಉಳಿಯುವ ಮಾತೇ ಇಲ್ಲ, ಎರಡನೇ ಹೈಡ್ರೈಡ್ ತಗೊಂಡು ಆಲ್ಕೋಹಾಲ್ ಆಗುತ್ತದೆ. ಅದಕ್ಕೇ ಲೆಕ್ಕ ಹಾಕುವಾಗ ಕೀಟೋನ್‌ಗೆ ಒಂದು ಹೈಡ್ರೈಡ್, ಎಸ್ಟರ್‌ಗೆ ಎರಡು. ಅರ್ಧ ರೀಏಜೆಂಟ್ ಹಾಕಿ ಆಲ್ಡಿಹೈಡ್‌ನಲ್ಲಿ ನಿಲ್ಲಿಸೋಣ ಅಂದರೆ ಅರ್ಧ ಎಸ್ಟರ್, ಅರ್ಧ ಆಲ್ಕೋಹಾಲ್ ಸಿಗುತ್ತದೆ ಅಷ್ಟೇ. ಆಲ್ಡಿಹೈಡೇ ಬೇಕಾದವರು −78 ಡಿಗ್ರಿಯಲ್ಲಿ ಡೈಬಾಲ್ ಬಳಸುತ್ತಾರೆ, ಅದರ ಕಥೆ ಬೇರೆ.

## ಸ್ವಲ್ಪ ಒಳಗೆ ಹೋಗುವವರಿಗೆ

ಲೀಥಿಯಂ, ಸೋಡಿಯಂ ಸುಮ್ನೆ ಜೋಡಿಗೆ ಇರೂದಲ್ಲೇನ್ರೀ? ಕೆಲಸ ಮಾಡೂದು ಹೈಡ್ರೈಡ್ ತಾನೆ?

ಅಲ್ಲ, ಅವೂ ಕೆಲಸ ಮಾಡುತ್ತವೆ. Li⁺ ಚಿಕ್ಕ ಅಯಾನ್, ಅದರ ಧನ ಆವೇಶ ಚಿಕ್ಕ ಜಾಗದಲ್ಲಿ ಒತ್ತಿಕೊಂಡಿರುತ್ತದೆ. ಅದು ಕಾರ್ಬೊನಿಲ್ ಆಕ್ಸಿಜನ್‌ಗೆ ಹೋಗಿ ಅಂಟಿಕೊಂಡು ಎಲೆಕ್ಟ್ರಾನನ್ನು ತನ್ನ ಕಡೆ ಎಳೆಯುತ್ತದೆ. ಆಗ ಕಾರ್ಬನ್ ಇನ್ನಷ್ಟು ಬರಿದಾಗಿ ಹೈಡ್ರೈಡ್‌ಗೆ ದಾರಿ ಸುಲಭವಾಗುತ್ತದೆ. Na⁺ ದೊಡ್ಡದು, ಅದರ ಹಿಡಿತ ಸಡಿಲ.

ಇದಕ್ಕೆ ಪುರಾವೆ ಏನು ಅಂತ ಕೇಳಿದರೆ ಎರಡು ಇವೆ, ಎರಡೂ ಚೆನ್ನಾಗಿವೆ. ಒಂದು, LiAlH4 ದ್ರಾವಣಕ್ಕೆ Li⁺ ಅನ್ನು ಒಳಗೆ ಬಂಧಿಸಿಡುವ ಕ್ರಿಪ್ಟಾಂಡ್ ಹಾಕಿದರೆ ಸೈಕ್ಲೋಹೆಕ್ಸನೋನ್‌ನಂಥ ಸಾದಾ ಕೀಟೋನ್ ಕೂಡ ರಿಡ್ಯೂಸ್ ಆಗದೆ ಕೂರುತ್ತದೆ. AlH4⁻ ಅಲ್ಲೇ ಇದೆ, ಹೈಡ್ರೈಡ್ ಅಲ್ಲೇ ಇದೆ, ಲೀಥಿಯಂ ಮಾತ್ರ ಕೈಗೆ ಸಿಗುತ್ತಿಲ್ಲ, ಅಷ್ಟಕ್ಕೇ ಕೆಲಸ ನಿಂತಿತು. ಎರಡು, NaBH4 ಬದಲು LiBH4 ತಗೊಂಡು ಟಿಎಚ್‌ಎಫ್‌ನಲ್ಲಿ ಮಾಡಿದರೆ, ಬೋರಾನ್ ಅದೇ ಇದ್ದರೂ, ಎಸ್ಟರ್ ನಿಧಾನಕ್ಕೆ ರಿಡ್ಯೂಸ್ ಆಗುತ್ತದೆ.

ಹಾಗಂತ ಎಲ್ಲ ಲೀಥಿಯಂ ಮಹಿಮೆ ಅನ್ನುವಂತೆಯೂ ಇಲ್ಲ. NaAlH4 ಕೂಡ ಎಸ್ಟರ್‌ಗಳನ್ನು ರಿಡ್ಯೂಸ್ ಮಾಡುತ್ತದೆ, ಅಲ್ಲಿ ಲೀಥಿಯಂ ಇಲ್ಲವೇ ಇಲ್ಲ. ಅಂದರೆ ಅಲ್ಯುಮಿನಿಯಂ ಒಂದು ಕೈ, ಲೀಥಿಯಂ ಇನ್ನೊಂದು ಕೈ. LiAlH4 ನಲ್ಲಿ ಎರಡೂ ಇವೆ, NaBH4 ನಲ್ಲಿ ಎರಡೂ ಇಲ್ಲ. ನಾವು ಓದುವ ಜೋಡಿ ಎರಡು ತುದಿಯದ್ದು, ಅದಕ್ಕೇ ವ್ಯತ್ಯಾಸ ಅಷ್ಟು ಎದ್ದು ಕಾಣುತ್ತದೆ.

ಐಆರ್‌ನಾಗ ಎಸ್ಟರ್ C=O ಕೀಟೋನ್‌ಗಿಂತ ಮ್ಯಾಲ ಬರತೈತಿ. ಅಂದ್ರ ಅದು ಹೆಚ್ಚು ಚುರುಕ ಇರಬೇಕಲ್ಲ?

ಈ ಪ್ರಶ್ನೆ ಕೇಳಿದವರು ಕಡಿಮೆ, ಆದರೆ ಕೇಳಿದವರೆಲ್ಲ ನಿಜಕ್ಕೂ ಯೋಚನೆ ಮಾಡಿದವರು. ನಮ್ಮ ಅಣುವಿನಲ್ಲೇ ನೋಡಿ, ಕೀಟೋನ್ ಪಟ್ಟಿ 1685 cm⁻¹ ಸುತ್ತ, ಎಸ್ಟರ್ ಪಟ್ಟಿ 1720 ಸುತ್ತ. ಐಆರ್ ಹೇಳುವುದು ಆ ಬಂಧ ಎಷ್ಟು ಗಟ್ಟಿ, ಎಷ್ಟು ಬೇಗ ಕಂಪಿಸುತ್ತದೆ ಅನ್ನುವುದನ್ನು ಮಾತ್ರ. ಎಸ್ಟರ್‌ನ ಪಕ್ಕದ ಆಕ್ಸಿಜನ್ ಸಿಗ್ಮಾ ಬಂಧದ ಮೂಲಕ ಎಲೆಕ್ಟ್ರಾನ್ ಎಳೆಯುವುದರಿಂದ C=O ಗಟ್ಟಿಯಾಗುತ್ತದೆ. ಅದೇ ಆಕ್ಸಿಜನ್ ಒಂಟಿ ಜೋಡಿ ಕೊಡುವುದರಿಂದ ಇಡೀ ಗುಂಪು ಸ್ಥಿರವಾಗುತ್ತದೆ. ಕ್ರಿಯೆ ಎಷ್ಟು ಬೇಗ ಆಗುತ್ತದೆ ಅನ್ನುವುದು ಈಗಿನ ಬಂಧದ ಗಟ್ಟಿತನದ ಮೇಲಲ್ಲ, ಹೈಡ್ರೈಡ್ ಸೇರುವಾಗ ಏನನ್ನು ಕಳೆದುಕೊಳ್ಳಬೇಕು ಅನ್ನುವುದರ ಮೇಲೆ ನಿಂತಿದೆ. ಐಆರ್ ಅಂಕಿ ನೋಡಿ ಚುರುಕುತನ ಹೇಳಲು ಹೋಗಬೇಡಿ.

NaBH4 ಗೆ ಈಥನಾಲ್ ನಡೀತೈತಿ, LiAlH4 ಗೆ ಯಾಕ ನಡೆಯೂದಿಲ್ಲ?

ಅದೇ ಕಾರಣದ ಇನ್ನೊಂದು ಮುಖ. ಈಥನಾಲ್‌ನ O–H ನಲ್ಲಿರುವ ಹೈಡ್ರೋಜನ್ ಕೂಡ ಹೈಡ್ರೈಡ್‌ಗೆ ಒಂದು ಗುರಿಯೇ. LiAlH4 ಅದನ್ನು ಕಂಡ ತಕ್ಷಣ ಹೊಡೆಯುತ್ತದೆ, H2 ಅನಿಲ ಬರುತ್ತದೆ, ಶಾಖ ಬರುತ್ತದೆ, ಬೆಂಕಿಯೂ ಹತ್ತಬಹುದು. ಒಂದು ಗ್ರಾಂ LiAlH4 ಪೂರ್ತಿ ನೀರಿಗೆ ಸಿಕ್ಕರೆ ಸುಮಾರು ಎರಡೂವರೆ ಲೀಟರ್ ಹೈಡ್ರೋಜನ್ ಬಿಡುತ್ತದೆ. ಹಾಗಾಗಿ ಒಣಗಿಸಿದ ಈಥರ್ ಅಥವಾ ಟಿಎಚ್‌ಎಫ್ ಮಾತ್ರ.

NaBH4 ಈಥನಾಲ್ ಜೊತೆ ನಿಧಾನ, ಮೆಥನಾಲ್ ಜೊತೆ ಸ್ವಲ್ಪ ಜೋರು, ಕ್ಷಾರ ಹಾಕಿದ ನೀರಿನಲ್ಲಿ ಬಹಳ ಹೊತ್ತು ಬಾಳುತ್ತದೆ. ಇಲ್ಲಿ ಆಲ್ಕೋಹಾಲ್ ಬರೀ ಕರಗಿಸುವುದಕ್ಕಲ್ಲ. ಅದು ಕಾರ್ಬೊನಿಲ್ ಆಕ್ಸಿಜನ್‌ಗೆ ಹೈಡ್ರೋಜನ್ ಬಂಧದಿಂದ ಕೈಜೋಡಿಸುತ್ತದೆ, ಅಂದರೆ ಅಲ್ಲಿ ಲೀಥಿಯಂ ಮಾಡಿದ ಕೆಲಸವನ್ನು ಇಲ್ಲಿ ಆಲ್ಕೋಹಾಲ್ ಅಷ್ಟಿಷ್ಟು ಮಾಡುತ್ತದೆ.

ನಮ್ಮ ಕಡೆ ಬ್ಯಾಸಗ್ಯಾಗ ಈಥರ್ ಬಳಸಬಹುದೇನ್ರೀ?

ಡೈಈಥೈಲ್ ಈಥರ್ ಕುದಿಯುವುದು 35 ಡಿಗ್ರಿಗೆ. ಏಪ್ರಿಲ್‌ನಲ್ಲಿ ವಿಜಯಪುರದ ಹೊರಗಿನ ಬಿಸಿ 40 ದಾಟುತ್ತದೆ, ಎಸಿ ಇಲ್ಲದ ಲ್ಯಾಬ್‌ನಲ್ಲಿ ಬಾಟಲಿ ಮುಚ್ಚಳ ತೆಗೆದರೆ ಉಸ್ ಅನ್ನುತ್ತದೆ. ಅದರ ಆವಿ ಗಾಳಿಗಿಂತ ಭಾರ, ಮೇಜಿನ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ನಾನಾದರೆ ಟಿಎಚ್‌ಎಫ್ ಅನ್ನುತ್ತೇನೆ, ಅದು ಕುದಿಯುವುದು 66 ಡಿಗ್ರಿಗೆ. ಬೆಳಗಾವಿಯವರಿಗೆ ತೊಂದರೆ ಮಳೆಗಾಲದಲ್ಲಿ. ಗಾಳಿಯಲ್ಲೇ ಅಷ್ಟು ತೇವ ಇರುವಾಗ LiAlH4 ತೂಗುತ್ತಾ ಕೂತರೆ ಅದು ತಟ್ಟೆಯಲ್ಲೇ ಕೆಟ್ಟುಹೋಗುತ್ತದೆ. ಬೇಗ ತೂಗಿ, ಬೇಗ ಮುಚ್ಚಿ.

## ಒಂದು ಅಣು, ಎರಡು ಪಾತ್ರೆ

ಈಥೈಲ್ 4-ಅಸಿಟೈಲ್‌ಬೆಂಜೋಯೇಟ್‌ಗೆ NaBH4 ಹಾಕೂದನ್ನ ಅಳತಿ ಸಮೇತ ಹೇಳ್ರಿ.

ಅಣುತೂಕ 192, ಹಾಗಾಗಿ 1.92 ಗ್ರಾಂ ಅಂದರೆ 10 ಮಿಲಿಮೋಲ್. ಒಂದು ಕೀಟೋನ್‌ಗೆ ಒಂದು ಹೈಡ್ರೈಡ್, ಒಂದು NaBH4 ನಲ್ಲಿ ನಾಲ್ಕು ಹೈಡ್ರೈಡ್. ಲೆಕ್ಕದ ಪ್ರಕಾರ 2.5 ಮಿಲಿಮೋಲ್ ಸಾಕು, ಅಂದರೆ 0.095 ಗ್ರಾಂ. ಈಥನಾಲ್ ಸ್ವಲ್ಪ ತಿಂದುಹಾಕುವುದರಿಂದ ಅದರ ಎರಡರಷ್ಟು, 0.19 ಗ್ರಾಂ ತಗೊಳ್ಳಿ.

ಎಸ್ಟರನ್ನು 20 ಎಂಎಲ್ ಈಥನಾಲ್‌ನಲ್ಲಿ ಕರಗಿಸಿ ಐಸ್ ಮೇಲೆ ಇಡಿ. NaBH4 ಅನ್ನು ಚೂರು ಚೂರೇ ಹಾಕುತ್ತಾ ಕಲಕಿ. ಟಿಎಲ್‌ಸಿ ಪ್ಲೇಟನ್ನು ಈಥೈಲ್ ಅಸಿಟೇಟ್ ಮತ್ತು ಹೆಕ್ಸೇನ್ 3:7 ರಲ್ಲಿ ಓಡಿಸಿದರೆ ಮೂಲ ವಸ್ತುವಿನ ಚುಕ್ಕೆ ಮೇಲೆ, ಹೊಸ ಆಲ್ಕೋಹಾಲ್ ಚುಕ್ಕೆ ಕೆಳಗೆ ಕಾಣುತ್ತದೆ. ಮೇಲಿನದ್ದು ಮಾಯವಾದ ತಕ್ಷಣ ಅಮೋನಿಯಂ ಕ್ಲೋರೈಡ್ ದ್ರಾವಣ ನಿಧಾನಕ್ಕೆ ಹಾಕಿ ನಿಲ್ಲಿಸಿ, ಗುಳ್ಳೆ ಬರುತ್ತವೆ, ಗಾಬರಿ ಬೇಡ. ಈಥನಾಲ್ ಹಾರಿಸಿ, ಈಥೈಲ್ ಅಸಿಟೇಟ್‌ನಲ್ಲಿ ಎಳೆದುಕೊಳ್ಳಿ.

ಎನ್‌ಎಂಆರ್‌ನಲ್ಲಿ 2.6 ರ ಹತ್ತಿರ ಇದ್ದ ಅಸಿಟೈಲ್ CH3 ಒಂಟಿ ಗೆರೆ ಹೋಗಿ, 1.5 ರ ಹತ್ತಿರ ಎರಡು ಗೆರೆಯಾಗಿ ಬರುತ್ತದೆ. 4.9 ರಲ್ಲಿ ಹೊಸದಾಗಿ CH ಬರುತ್ತದೆ. ಎಸ್ಟರ್‌ನ OCH2, 4.4 ರಲ್ಲಿ, ಹಾಗೇ ಉಳಿದಿರಬೇಕು. ಐಆರ್‌ನಲ್ಲೂ ಹಾಗೇ, 1685 ಹೋಗಬೇಕು, 1720 ಉಳಿಯಬೇಕು.

ನಾ ಮೆಥನಾಲ್‌ನಾಗ ಮಾಡಿದೆ, ಎನ್‌ಎಂಆರ್‌ನಾಗ 3.9 ಕ್ಕ ಏನೋ ಬಂದೈತಿ. ಏನದು?

ಮೀಥೈಲ್ ಎಸ್ಟರ್. NaBH4 ಮೆಥನಾಲ್ ಜೊತೆ ಸೇರಿ ದ್ರಾವಣವನ್ನು ಕ್ಷಾರೀಯ ಮಾಡುತ್ತದೆ, ಆಗ ಎಸ್ಟರ್‌ನ ಈಥಾಕ್ಸಿ ಹೋಗಿ ಮೀಥಾಕ್ಸಿ ಬಂದು ಕೂರುತ್ತದೆ. ಅದಕ್ಕೇ ಈಥೈಲ್ ಎಸ್ಟರ್ ಇದ್ದಾಗ ಈಥನಾಲ್, ಮೀಥೈಲ್ ಎಸ್ಟರ್ ಇದ್ದಾಗ ಮೆಥನಾಲ್. ಹೀಗೆ ಜೋಡಿ ಮಾಡಿದರೆ ಅದಲುಬದಲಾದರೂ ಅದೇ ಎಸ್ಟರ್ ಸಿಗುತ್ತದೆ.

ಅದಕ್ಕ LiAlH4 ಹಾಕಿದ್ರ?

ಈಗ ಕೀಟೋನ್‌ಗೆ ಒಂದು, ಎಸ್ಟರ್‌ಗೆ ಎರಡು, ಒಟ್ಟು ಮೂರು ಹೈಡ್ರೈಡ್ ಬೇಕು. 10 ಮಿಲಿಮೋಲ್ ವಸ್ತುವಿಗೆ 30 ಮಿಲಿಮೋಲ್ ಹೈಡ್ರೈಡ್, ಅಂದರೆ 7.5 ಮಿಲಿಮೋಲ್ LiAlH4. ಇಲ್ಲೂ ಎರಡರಷ್ಟು ತಗೊಂಡರೆ 15 ಮಿಲಿಮೋಲ್, 0.57 ಗ್ರಾಂ.

ಒಣಗಿದ ಪಾತ್ರೆ, ನೈಟ್ರೋಜನ್, 20 ಎಂಎಲ್ ಒಣ ಟಿಎಚ್‌ಎಫ್, ಐಸ್. ಅದರಲ್ಲಿ LiAlH4 ಕಲಕುತ್ತಾ, 10 ಎಂಎಲ್ ಟಿಎಚ್‌ಎಫ್‌ನಲ್ಲಿ ಕರಗಿಸಿದ ಎಸ್ಟರನ್ನು ಹನಿ ಹನಿಯಾಗಿ ಬಿಡಿ. ಆಮೇಲೆ ಐಸ್ ತೆಗೆದು ಒಂದೆರಡು ಗಂಟೆ ಕಲಕಿ, ಟಿಎಲ್‌ಸಿ ನೋಡುತ್ತಾ ಇರಿ.

ಕಷ್ಟದ ಭಾಗ ನಿಲ್ಲಿಸುವುದು. ಪಾತ್ರೆಯಲ್ಲಿ ಇನ್ನೂ 30 ಮಿಲಿಮೋಲ್ ಹೈಡ್ರೈಡ್ ಉಳಿದಿದೆ, ಅದು ಸುಮಾರು 0.7 ಲೀಟರ್ ಹೈಡ್ರೋಜನ್ ಆಗಿ ಹೊರಗೆ ಬರುತ್ತದೆ. ಮತ್ತೆ ಐಸ್ ಇಟ್ಟು, ಇನ್ನಷ್ಟು ಟಿಎಚ್‌ಎಫ್ ಹಾಕಿ ತೆಳುವಾಗಿಸಿ, ಫೀಸರ್ ಪದ್ಧತಿಯಲ್ಲಿ ಹೋಗಿ: ಎಷ್ಟು ಗ್ರಾಂ LiAlH4 ಇತ್ತೋ ಅಷ್ಟು ಎಂಎಲ್ ನೀರು, ಆಮೇಲೆ ಅಷ್ಟೇ 15% NaOH, ಆಮೇಲೆ ಅದರ ಮೂರರಷ್ಟು ನೀರು. ನಮ್ಮ ಲೆಕ್ಕಕ್ಕೆ 0.6, 0.6, 1.8 ಎಂಎಲ್. ಮೊದಲ ನೀರಿನ ಒಂದೊಂದು ಹನಿಗೂ ಗುಳ್ಳೆ ಇಳಿಯುವ ತನಕ ಕಾಯಬೇಕು. ಸರಿಯಾಗಿ ಮಾಡಿದರೆ ಬೂದು ಬಣ್ಣ ಹೋಗಿ ಬಿಳಿ ಹರಳು ಹರಳಾದ ಪುಡಿ ಸಿಗುತ್ತದೆ, ಸಲೀಸಾಗಿ ಸೋಸಬಹುದು.

ಸಿಗುವ ಡೈಆಲ್‌ನ ಅಣುತೂಕ 152, ಪೂರ್ತಿ ಬಂದರೆ 1.52 ಗ್ರಾಂ. ಐಆರ್‌ನಲ್ಲಿ 1685 ಇಲ್ಲ, 1720 ಇಲ್ಲ, 3300 ಸುತ್ತ ಅಗಲವಾದ O–H ಪಟ್ಟಿ. ಎನ್‌ಎಂಆರ್‌ನಲ್ಲಿ 4.4 ರ OCH2 ಹೋಗಿ 4.7 ರ ಹತ್ತಿರ CH2OH ಬರುತ್ತದೆ.

LiAlH4 ಹಾಕಿದ್ರೂ ಎಸ್ಟರ್ ಹಂಗ ಉಳೀತು. NaBH4 ಹಾಕಿದಂಗ ಆಗೈತಿ. ಯಾಕ?

ಇದು ಬಹಳ ಮಂದಿಗೆ ಆಗುತ್ತದೆ. ರೀಏಜೆಂಟ್ ಹಳೆಯದು, ಇಲ್ಲವೇ ಟಿಎಚ್‌ಎಫ್ ಒದ್ದೆ. ನೀರು ಹೈಡ್ರೈಡನ್ನು ತಿಂದು ಉಳಿದ ಅಲ್ಪಸ್ವಲ್ಪವನ್ನು ಮೊದಲು ಕೀಟೋನ್ ತಗೊಳ್ಳುತ್ತದೆ, ಅದು ಚುರುಕಾದದ್ದಲ್ವಾ. ಎಸ್ಟರ್ ಪಾಳಿ ಬರುವಷ್ಟರಲ್ಲಿ ಡಬ್ಬಿ ಖಾಲಿ. ಹಾಗಾಗಿ ಕೊನೆಗೆ ಸಿಗುವುದು NaBH4 ಕೊಡುವ ಅದೇ ವಸ್ತು. ಹೊಸ ಡಬ್ಬಿಯ ಪುಡಿ ಬೂದು ಬಣ್ಣಕ್ಕಿರುತ್ತದೆ, ಬೆಳ್ಳಗೆ ಗಂಟು ಕಟ್ಟಿದ್ದರೆ ತೇವ ಕುಡಿದಿದೆ ಅಂತ ತಿಳಿಯಿರಿ. ನಿಲ್ಲಿಸುವಾಗ ಮೊದಲ ಹನಿ ನೀರಿಗೇ ಗುಳ್ಳೆ ಬರಲಿಲ್ಲ ಅಂದರೆ ಹೈಡ್ರೈಡ್ ಆಗಲೇ ಮುಗಿದಿತ್ತು.

ಟಿಎಲ್‌ಸಿ ಪೂರ್ತಿ ಆಗೈತಿ ಅಂತ ತೋರಿಸಿತು, ಕೈಗೆ ಮಾತ್ರ ಅರ್ಧಾನೂ ಸಿಗಲಿಲ್ಲ.

ಸೋಸಿದ ಬಿಳಿ ಪುಡಿಯಲ್ಲಿ ಹುಡುಕಿ. ಎರಡು OH ಇರುವ ಅಣು ಅಲ್ಯುಮಿನಿಯಂ ಕೆಸರಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆ ಪುಡಿಯನ್ನು ಬಿಸಿ ಟಿಎಚ್‌ಎಫ್‌ನಲ್ಲಿ ಎರಡು ಮೂರು ಸಲ ಕಲಕಿ ಸೋಸಿದರೆ ಬಹಳಷ್ಟು ವಾಪಸ್ ಬರುತ್ತದೆ. ಪುಡಿ ಆಗದೆ ಲೋಳೆ ಆಗಿದ್ದರೆ ಸೋಸಲು ಹೋಗಬೇಡಿ. ಸೋಡಿಯಂ ಪೊಟ್ಯಾಸಿಯಂ ಟಾರ್ಟ್ರೇಟ್‌ನ ಗಟ್ಟಿ ದ್ರಾವಣ ಹಾಕಿ, ಎರಡು ಪದರ ತಿಳಿಯಾಗಿ ಬೇರೆಯಾಗುವ ತನಕ ಕಲಕುತ್ತಾ ಬಿಡಿ. ಕೆಲವೊಮ್ಮೆ ರಾತ್ರಿಯಿಡೀ ಬೇಕಾಗುತ್ತದೆ.

## ಎಂಎಸ್ಸಿಯವರ ಪ್ರಶ್ನೆಗಳು

NaBH4 ಎಸ್ಟರ್ ಮುಟ್ಟೂದೇ ಇಲ್ಲ ಅಂತ ಖರೇನ?

ಪೂರ್ತಿ ನಿಜವಲ್ಲ. ಸರಿಯಾದ ಮಾತು ಏನಂದರೆ, ಐಸ್‌ನಿಂದ ಕೋಣೆಯ ತಾಪಮಾನದೊಳಗೆ, ಸ್ವಲ್ಪವೇ ಹೆಚ್ಚು ರೀಏಜೆಂಟ್ ಇಟ್ಟುಕೊಂಡು, ಕೀಟೋನ್ ಮುಗಿಯುವ ಹೊತ್ತಿಗೆ ನಿಲ್ಲಿಸಿದರೆ ಎಸ್ಟರ್ ಉಳಿಯುತ್ತದೆ. ಹತ್ತಾರು ಪಟ್ಟು NaBH4 ಸುರಿದು ಮೆಥನಾಲ್‌ನಲ್ಲಿ ಕುದಿಸಿದರೆ ಬೆಂಜೋಯೇಟ್‌ಗಳೂ ನಿಧಾನಕ್ಕೆ ಆಲ್ಕೋಹಾಲ್ ಆಗುತ್ತವೆ. ಇದನ್ನು ಬೇಕಂತಲೇ ಮಾಡುವವರೂ ಇದ್ದಾರೆ. ಆದ್ದರಿಂದ ಸಂಜೆ ಹಾಕಿ ಬೆಳಿಗ್ಗೆ ಬಂದು ನೋಡೋಣ ಅನ್ನುವ ಅಭ್ಯಾಸ ಇಲ್ಲಿ ಬೇಡ, ಅದೂ ನಮ್ಮ ಬೇಸಿಗೆಯಲ್ಲಿ. ಟಿಎಲ್‌ಸಿಯಲ್ಲಿ ಇನ್ನೂ ಕೆಳಗೆ ಮೂರನೇ ಚುಕ್ಕೆ ಕಂಡರೆ ಡೈಆಲ್ ಶುರುವಾಗಿದೆ.

ಕಾರ್ಬಾಕ್ಸಿಲಿಕ್ ಆಸಿಡ್‌ಗೆ NaBH4 ಹಾಕಿದ್ರ ಗುಳ್ಳಿ ಬರತಾವ. ಮತ್ತ ರಿಡಕ್ಷನ್ ಆಗಿಲ್ಲ ಅಂತೀರಿ?

ಗುಳ್ಳೆ ಬಂದದ್ದು ಆಸಿಡ್‌ನ ಪ್ರೋಟಾನ್ ಮತ್ತು ಹೈಡ್ರೈಡ್ ಸೇರಿ ಹೈಡ್ರೋಜನ್ ಆದದ್ದಕ್ಕೆ. ಈಗ ಉಳಿದದ್ದು ಕಾರ್ಬಾಕ್ಸಿಲೇಟ್, ಅದರ ಮೇಲೆ ಋಣ ಆವೇಶ. ಬರುವ ಹೈಡ್ರೈಡ್ ಮೇಲೂ ಋಣ ಆವೇಶ. ಎರಡಕ್ಕೂ ಸೇರುವುದಿಲ್ಲ. LiAlH4 ಕೂಡ ಮೊದಲ ಹೈಡ್ರೈಡನ್ನು ಹೀಗೇ ಕಳೆದುಕೊಳ್ಳುತ್ತದೆ, ಆದರೆ ಅಲ್ಯುಮಿನಿಯಂ ಕಾರ್ಬಾಕ್ಸಿಲೇಟ್ ಆಕ್ಸಿಜನ್‌ಗೆ ಕಚ್ಚಿಕೊಂಡು ಆ ಋಣ ಆವೇಶವನ್ನು ಹೀರಿಕೊಳ್ಳುತ್ತದೆ, ಮುಂದಿನ ಹೈಡ್ರೈಡ್‌ಗೆ ದಾರಿ ಆಗುತ್ತದೆ. NaBH4 ಜೊತೆ ಟಿಎಚ್‌ಎಫ್‌ನಲ್ಲಿ ಅಯೋಡಿನ್ ಹಾಕಿದರೆ ಬೋರೇನ್ ಹುಟ್ಟುತ್ತದೆ. ಅದು ಆಸಿಡನ್ನು ಎಸ್ಟರ್‌ಗಿಂತ ಬೇಗ ರಿಡ್ಯೂಸ್ ಮಾಡುತ್ತದೆ, ನಾವು ಕಲಿತ ಸಾಲೇ ಉಲ್ಟಾ.

ಅಮೈಡ್‌ನಿಂದ ಆಲ್ಕೋಹಾಲ್ ಬರದ ಅಮೀನ್ ಯಾಕ ಬರತೈತಿ?

ಹೈಡ್ರೈಡ್ ಸೇರಿದ ಮೇಲೆ ಆ ಕಾರ್ಬನ್ ಮೇಲೆ ಒಂದು ಆಕ್ಸಿಜನ್, ಒಂದು ನೈಟ್ರೋಜನ್ ಇರುತ್ತವೆ, ಒಂದು ಹೊರಗೆ ಹೋಗಬೇಕು. ಎಸ್ಟರ್‌ನಲ್ಲಿ ಈಥಾಕ್ಸಿ ಹೋಯಿತು. ಇಲ್ಲಿ ನೈಟ್ರೋಜನ್ ಗುಂಪು ಋಣ ಆವೇಶ ಹೊತ್ತು ಹೋಗಲು ಒಪ್ಪುವುದಿಲ್ಲ. ಬದಲಿಗೆ ಅದು ತನ್ನ ಒಂಟಿ ಜೋಡಿಯನ್ನು ಒಳಗೆ ತಳ್ಳಿ, ಅಲ್ಯುಮಿನಿಯಂ ಹೊತ್ತ ಆಕ್ಸಿಜನ್ನನ್ನೇ ಹೊರಗೆ ಹಾಕುತ್ತದೆ. ಉಳಿದ C=N ಮೇಲೆ ಇನ್ನೊಂದು ಹೈಡ್ರೈಡ್ ಬಂದರೆ ಅಮೀನ್.

ನನಗ ಉಲ್ಟಾ ಬೇಕ್ರೀ. ಕೀಟೋನ್ ಉಳೀಬೇಕು, ಎಸ್ಟರ್ ಮಾತ್ರ ಹೋಗಬೇಕು.

ನೇರ ದಾರಿ ಇಲ್ಲ, ಯಾಕಂದರೆ ಎಸ್ಟರ್ ಮುಟ್ಟುವ ಹೈಡ್ರೈಡ್ ಕೀಟೋನನ್ನು ಮೊದಲೇ ಮುಟ್ಟಿರುತ್ತದೆ. ಕೀಟೋನನ್ನು ಮುಚ್ಚಿಡಬೇಕು. ನಮ್ಮ ಅಣುವನ್ನು ಈಥಿಲೀನ್ ಗ್ಲೈಕಾಲ್ ಮತ್ತು ಸ್ವಲ್ಪ ಪ್ಯಾರಾ-ಟಾಲ್ಯೀನ್‌ಸಲ್ಫೋನಿಕ್ ಆಸಿಡ್ ಜೊತೆ ಟಾಲ್ಯೀನ್‌ನಲ್ಲಿ ಕುದಿಸಿ, ಹೊರಬರುವ ನೀರನ್ನು ಡೀನ್–ಸ್ಟಾರ್ಕ್‌ನಲ್ಲಿ ಹಿಡಿಯಿರಿ. 10 ಮಿಲಿಮೋಲ್‌ಗೆ 0.18 ಎಂಎಲ್ ನೀರು ಬರಬೇಕು, ಅಷ್ಟು ಚಿಕ್ಕ ಅಳತೆ ಕಣ್ಣಿಗೆ ಸರಿಯಾಗಿ ಸಿಗುವುದಿಲ್ಲ, ಹಾಗಾಗಿ ಐಆರ್‌ನಲ್ಲಿ 1685 ಹೋಯಿತಾ ಅಂತ ನೋಡಿಯೇ ಮುಂದೆ ಹೋಗಿ. ಹೀಗೆ ಮುಚ್ಚಿಟ್ಟ ಕೀಟೋನ್‌ಗೆ ಕೀಟಾಲ್ ಅನ್ನುತ್ತಾರೆ, ಅದರಲ್ಲಿ C=O ಇಲ್ಲ, LiAlH4 ಗೆ ಅದು ಕಾಣುವುದಿಲ್ಲ, ಎಸ್ಟರ್ ಮಾತ್ರ CH2OH ಆಗುತ್ತದೆ. ಈಗ ಎರಡು ಹೈಡ್ರೈಡ್ ಸಾಕು ಅಂತ ಲೆಕ್ಕ ಬದಲಿಸಿಕೊಳ್ಳಿ. ಫೀಸರ್ ಪದ್ಧತಿ ಕ್ಷಾರೀಯ, ಅದರಲ್ಲಿ ಕೀಟಾಲ್ ಬಿಚ್ಚುವುದಿಲ್ಲ. ಸೋಸಿದ ಮೇಲೆ ಟಿಎಚ್‌ಎಫ್‌ಗೆ ದುರ್ಬಲ HCl ಹಾಕಿ ಕಲಕಿದರೆ ಕೀಟೋನ್ ವಾಪಸ್ ಬರುತ್ತದೆ, ಎನ್‌ಎಂಆರ್‌ನಲ್ಲಿ 2.6 ರ ಗೆರೆ ಮತ್ತು 4.7 ರ ಗೆರೆ ಎರಡೂ ಒಟ್ಟಿಗೆ ಕಾಣಬೇಕು.